ಒಂಬತ್ತು ದಿನ ಉತ್ತರ ಬಾರದ ಮೇಲ್, ನಾಲ್ಕೇ ದಿನಕ್ಕೆ ಡೇಟಾ ತಂದ ಮೇಲ್

ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕ್ವಾಲಿಟಿ ಅಂದರೆ ಏನು ಕೆಲಸ ಅಂತ ನಮ್ಮ ಮನೆಯವರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ. ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆ, ಲ್ಯಾಬ್ ರಿಪೋರ್ಟ್ ಯಾಕೆ ತಡ ಆಗುತ್ತದೆ, ಇಂಥದ್ದನ್ನು ಲೆಕ್ಕ ಹಾಕಿ ಹೇಳುವ ಕೆಲಸ. ಲೆಕ್ಕ ನಮ್ಮದು, ಆದರೆ ಲೆಕ್ಕಕ್ಕೆ ಬೇಕಾದ ಡೇಟಾ ನಮ್ಮ ಹತ್ತಿರ ಇರುವುದಿಲ್ಲ. ಅದು ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಇರುತ್ತದೆ. ನಾವು ಅದನ್ನು ಎಂಆರ್‌ಡಿ ಅಂತ ಕರೆಯುತ್ತೇವೆ.

2025ರ ಮೇ ತಿಂಗಳಲ್ಲಿ ಶುಗರ್ ಮತ್ತು ಬಿಪಿ ನೋಡುವ ಡಾಕ್ಟರೊಬ್ಬರು ಒಂದು ಮಾತು ಎತ್ತಿದರು. ತಿಂಗಳು ಬಿಟ್ಟು ಬನ್ನಿ ಅಂತ ಚೀಟಿ ಬರೆದು ಕೊಟ್ಟರೂ ಬಹಳ ಮಂದಿ ಬರುತ್ತಿಲ್ಲ. ಶನಿವಾರ ಮಧ್ಯಾಹ್ನ ಬರೀ ಫಾಲೋಅಪ್‌ಗೆ ಅಂತ ಒಪಿಡಿ ಇಟ್ಟರೆ ಬರುತ್ತಾರೇನೋ, ನೋಡಿ ಹೇಳಿ ಅಂದರು. ನಾನು ಹುಮ್ಮಸ್ಸಿನಲ್ಲಿ ಅವತ್ತೇ ಎಂಆರ್‌ಡಿ ಹಿರಿಯರಿಗೆ ಮೇಲ್ ಹಾಕಿದೆ. ನಾಚಿಕೆ ಬಿಟ್ಟು ಅದನ್ನು ಇಲ್ಲಿ ಕೊಡುತ್ತೇನೆ:

"ಸರ್, ಅನಾಲಿಸಿಸ್‌ಗೆ ಬೇಕಾಗಿದೆ. ಕಳೆದ ಎರಡು ವರ್ಷದ ಶುಗರ್ ಮತ್ತು ಬಿಪಿ ರೋಗಿಗಳ ಪೂರ್ತಿ ಡೇಟಾ ಎಕ್ಸೆಲ್‌ನಲ್ಲಿ ಕಳಿಸಿ. ಅರ್ಜೆಂಟ್."

ಒಂಬತ್ತು ದಿನ ಉತ್ತರ ಇಲ್ಲ. ನೆನಪಿಸಿ ಇನ್ನೊಂದು ಮೇಲ್ ಹಾಕಿದೆ, ಅದಕ್ಕೂ ಇಲ್ಲ. ಬೇಕಂತಲೇ ಸತಾಯಿಸುತ್ತಿದ್ದಾರೆ ಅಂದುಕೊಂಡು ಸಿಟ್ಟಿನಲ್ಲೇ ಎಂಆರ್‌ಡಿ ಇರುವ ನೆಲಮಾಳಿಗೆಗೆ ಇಳಿದೆ.

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. "ಬರ್ರಿ, ಕೂಡ್ರಿ. ಚಾ ಕುಡೀರಿ ಮೊದ್ಲ," ಅಂದರು. ನನ್ನ ಮೇಲ್ ಅವರ ಸ್ಕ್ರೀನ್ ಮೇಲೆ ತೆರೆದೇ ಇತ್ತು. "ಪೂರ್ತಿ ಡೇಟಾ ಅಂದ್ರ ಏನ್ರೀ? ನಮ್ಮ ಸಿಸ್ಟಮ್‌ನ್ಯಾಗ ಒಬ್ಬ ಪೇಶಂಟ್‌ಗೆ ನೂರಾರು ಖಾನೆ ಅದಾವ. ಹೆಂಡತಿ ಹೆಸರು ಕೊಡ್ಲೋ, ಎಚ್‌ಐವಿ ಟೆಸ್ಟ್ ಕೊಡ್ಲೋ? ಯಾವುದು ಬ್ಯಾಡಂತ ನೀವು ಬರದಿಲ್ಲಲ್ರಿ."

ನನ್ನ ಬಾಯಿ ಕಟ್ಟಿತು.

ಆಮೇಲೆ ಅವರು ಹಳೆಯ ಕಥೆ ಒಂದನ್ನು ಹೇಳಿದರು. ಹಿಂದೆ ಅವರು ಕೆಲಸ ಮಾಡುತ್ತಿದ್ದ ಕಡೆ ಯಾರೋ ಹೀಗೇ ಲೆಕ್ಕಕ್ಕೆ ಅಂತ ಪಟ್ಟಿ ಒಯ್ದಿದ್ದರಂತೆ. ಆರು ತಿಂಗಳಿಗೆ ಅದೇ ಪಟ್ಟಿಯ ನಂಬರುಗಳಿಗೆ ಒಂದು ಕ್ಯಾಂಪಿನ ಜಾಹೀರಾತು ಮೆಸೇಜ್ ಹೋಯಿತು. ಒಬ್ಬ ಹುಡುಗಿಯ ಫೋನಿಗೆ ಬಂದ ಮೆಸೇಜನ್ನು ಅವಳ ಅತ್ತೆ ಮನೆಯವರು ಓದಿದರು. ಅವಳಿಗೆ ಶುಗರ್ ಇದೆ ಅಂತ ಆವರೆಗೆ ಅವರಿಗೆ ಗೊತ್ತಿರಲಿಲ್ಲ. ಆ ಮನೆಯವರು ಬಂದು ಜಗಳ ತೆಗೆದದ್ದು ರೆಕಾರ್ಡ್ಸ್ ಕಿಟಕಿಯ ಮುಂದೆ. ಪಟ್ಟಿ ಒಯ್ದವನು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದ.

"ಈಗಂತೂ ಕಾನೂನೂ ಬಂದೈತಿ," ಅಂದರು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಬಗ್ಗೆ ಅವರು ಹೇಳಿದ್ದು. ಯಾವ ಉದ್ದೇಶಕ್ಕೆ ಅಂತ ಹೇಳಿ ಒಪ್ಪಿಗೆ ಪಡೆದಿರುತ್ತೇವೋ ಆ ಉದ್ದೇಶಕ್ಕೆ, ಅದಕ್ಕೆ ಬೇಕಾದಷ್ಟೇ ಡೇಟಾ ಬಳಸಬೇಕು ಅಂತ ಅದರಲ್ಲಿ ಇದೆ. ಡೇಟಾ ಕಾಯುವಲ್ಲಿ ಎಡವಿದರೆ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಅವರು ಹೆದರಿದ್ದು ದಂಡಕ್ಕಲ್ಲ, ಆ ಕಿಟಕಿಯ ಮುಂದಿನ ಜಗಳಕ್ಕೆ ಅಂತ ನನಗೆ ಅನ್ನಿಸಿತು.

ಹೊರಡುವಾಗ ಅವರು ಕೇಳಿದ್ದು ಮೂರೇ ಪ್ರಶ್ನೆ. ಇದನ್ನ ಇಟಗೊಂಡು ಏನ್ ಮಾಡಾವ್ರು? ಯಾರ್ ಯಾರ್ ನೋಡಾವ್ರು? ಯಾವಾಗ ಅಳಸಾವ್ರು? ಈ ಮೂರಕ್ಕೂ ಮೇಲ್‌ನಲ್ಲೇ ಉತ್ತರ ಇದ್ದರೆ, ತಮ್ಮ ಮೇಲಿನವರಿಗೆ ಅದನ್ನೇ ಮುಂದಕ್ಕೆ ಕಳಿಸಿ ಒಪ್ಪಿಗೆ ತಗೊಳ್ಳಬಹುದು ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ನಾನು ಅವರಿಗೆ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ. ಆದರೆ ಆ ಮೇಲ್ ಓದಿ ಹೂಂ ಅನ್ನಬೇಕಾದ ವ್ಯಕ್ತಿ ನನ್ನ ಮುಖವನ್ನೇ ನೋಡಿಲ್ಲ. ಅವರಿಗೆ ಚಾ ಕುಡಿಯುತ್ತ ಬಿಡಿಸಿ ಹೇಳುವ ಅವಕಾಶ ನನಗೆ ಸಿಗುವುದಿಲ್ಲ.

ಅವತ್ತು ಸಂಜೆ ಕೂತು ಮೊದಲು ಉದ್ದೇಶ ಬರೆಯಲು ಹೋದೆ. "ಫಾಲೋಅಪ್ ಬಗ್ಗೆ ವಿಶ್ಲೇಷಣೆ" ಅಂತ ಬರೆದು ಹೊಡೆದು ಹಾಕಿದೆ. ವಿಶ್ಲೇಷಣೆ ಅನ್ನುವ ಮಾತಿನ ಕೆಳಗೆ ಯಾವ ಖಾನೆಯನ್ನಾದರೂ ಕೇಳಬಹುದು, ಹಾಗಾಗಿ ಅದು ಉದ್ದೇಶವೇ ಅಲ್ಲ. ಕೊನೆಗೆ ಹೀಗೆ ಬರೆದೆ: ಸೆಪ್ಟೆಂಬರ್‌ನಿಂದ ಶನಿವಾರ ಮಧ್ಯಾಹ್ನ ಫಾಲೋಅಪ್ ಒಪಿಡಿ ಸುರು ಮಾಡಬೇಕೋ ಬೇಡವೋ ಅಂತ ತೀರ್ಮಾನಿಸುವುದಕ್ಕೆ. ಇದು ಹೌದು ಅಥವಾ ಅಲ್ಲ ಅನ್ನುವ ತೀರ್ಮಾನ. ಇದನ್ನು ಬರೆದ ಮೇಲೆ ಉಳಿದ ಕೆಲಸ ತಾನಾಗಿಯೇ ಹಗುರಾಯಿತು. ಒಂದೊಂದು ಖಾನೆ ತೆಗೆದುಕೊಂಡು ಕೇಳಿದರೆ ಆಯಿತು: ಇದು ಗೊತ್ತಾದರೆ ಶನಿವಾರದ ತೀರ್ಮಾನ ಬದಲಾಗುತ್ತದಾ?

ನನ್ನ ಮೊದಲ ಪಟ್ಟಿಯಲ್ಲಿ ಹತ್ತೊಂಬತ್ತು ಖಾನೆ ಇದ್ದವು. ಹೆಸರು, ಫೋನ್, ವಿಳಾಸ ಹೋದವು, ಅದರಲ್ಲಿ ಯೋಚನೆ ಮಾಡುವುದು ಏನೂ ಇರಲಿಲ್ಲ. ಗಂಡಸೋ ಹೆಂಗಸೋ ಅನ್ನುವುದು ಸುಮ್ನೆ ಅಭ್ಯಾಸದಿಂದ ಬಂದು ಕೂತಿತ್ತು, ಶನಿವಾರದ ಪ್ರಶ್ನೆಗೆ ಅದು ಬೇಕಿರಲಿಲ್ಲ. ಶುಗರ್ ಎಷ್ಟಿತ್ತು, ಯಾವ ಮಾತ್ರೆ, ಬಿಲ್ ಎಷ್ಟು, ಎಲ್ಲ ಹೋದವು. ಬಿಲ್ ಬಿಡುವಾಗ ಸ್ವಲ್ಪ ಸಂಕಟ ಆಯಿತು, ಯಾಕೆಂದರೆ ದುಡ್ಡಿನ ತೊಂದರೆಯಿಂದ ಬರುತ್ತಿಲ್ಲವೇನೋ ಅಂತ ನನಗೊಂದು ಅನುಮಾನ ಇತ್ತು. ಆದರೆ ಅದು ಬೇರೆಯೇ ಪ್ರಶ್ನೆ. ಅದನ್ನೂ ಇದೇ ಮೇಲ್‌ನಲ್ಲಿ ತುರುಕಿದರೆ ಉದ್ದೇಶದ ಸಾಲು ಮತ್ತೆ ಸಡಿಲ ಆಗುತ್ತಿತ್ತು.

ಉಳಿದದ್ದರಲ್ಲಿ ಎರಡು ಖಾನೆ ನನ್ನನ್ನು ಕಾಡಿದವು. ಒಂದು ಊರು. ಹೆಸರು ತೆಗೆದರೆ ಸಾಕು, ಯಾರು ಅಂತ ಗೊತ್ತಾಗುವುದಿಲ್ಲ ಅಂತ ನಾವು ನಂಬಿರುತ್ತೇವೆ, ಅಲ್ವಾ? ಈಗ ಯೋಚನೆ ಮಾಡಿ. ಕುಂದಗೋಳ ತಾಲೂಕಿನ ಒಂದು ಸಣ್ಣ ಹಳ್ಳಿ, ವಯಸ್ಸು 83, ಶುಗರ್ ಪೇಶಂಟ್, ಹುಬ್ಬಳ್ಳಿಗೆ ಬಂದು ತೋರಿಸಿಕೊಳ್ಳುತ್ತಾರೆ. ಆ ಊರಿನವರು ಯಾರೇ ಇದನ್ನು ಓದಿದರೂ "ಅಯ್ಯ, ಇಂಥವ್ರ ಅಜ್ಜ" ಅಂತ ಹೇಳಿಬಿಡುತ್ತಾರೆ. ನಮ್ಮ ವಿಭಾಗದಲ್ಲೇ ಆ ಕಡೆಯಿಂದ ದಿನಾ ಬಂದು ಹೋಗುವವರು ಇದ್ದಾರೆ. ಅಮೆರಿಕದಲ್ಲಿ ಲತಾನ್ಯಾ ಸ್ವೀನಿ ಅನ್ನುವ ವಿಜ್ಞಾನಿ 2000ದಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದರು. ಅಂಚೆ ಪಿನ್ ಥರದ ಐದು ಅಂಕಿಯ ಕೋಡ್, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ ಅನ್ನುವುದು, ಈ ಮೂರೇ ಸಾಕು, ಅಲ್ಲಿನ 87 ಪ್ರತಿಶತ ಜನರನ್ನು ಬೇರೆ ಯಾರ ಜೊತೆಗೂ ಬೆರೆಯದ ಹಾಗೆ ಗುರುತಿಸಬಹುದು ಅಂತ.

ಹಾಗಾಗಿ ಊರಿನ ಬದಲು ತಾಲೂಕು ಕೇಳಿದೆ. ಅದರಲ್ಲೂ ಹೊಸ ತಾಲೂಕುಗಳಿಂದ ಬರುವ ಮಂದಿ ನಮ್ಮಲ್ಲಿ ಕಡಿಮೆ. ಅವುಗಳನ್ನು ಹಳೆಯ ತಾಲೂಕಿನಲ್ಲೇ ಸೇರಿಸಿ ಅಂದೆ. ಅಣ್ಣಿಗೇರಿ ನವಲಗುಂದದಲ್ಲಿ, ಅಳ್ನಾವರ ಧಾರವಾಡದಲ್ಲಿ, ಲಕ್ಷ್ಮೇಶ್ವರ ಶಿರಹಟ್ಟಿಯಲ್ಲಿ, ಗಜೇಂದ್ರಗಡ ರೋಣದಲ್ಲಿ, ರಟ್ಟೀಹಳ್ಳಿ ಹಿರೇಕೆರೂರಿನಲ್ಲಿ. ವಯಸ್ಸಿನ ಬದಲು ಹತ್ತು ವರ್ಷದ ಗುಂಪು ಸಾಕು, 80 ದಾಟಿದವರೆಲ್ಲ ಒಂದೇ ಗುಂಪು. ಅವರ ಕೆಲಸ ಹೆಚ್ಚಾಗಬಾರದು ಅಂತ ಗುಂಪು ಮಾಡುವ ಸೂತ್ರವನ್ನೂ ನಾನೇ ಬರೆದು ಕೊಟ್ಟೆ. ವಯಸ್ಸು B ಖಾನೆಯಲ್ಲಿ ಇದ್ದರೆ ಹೀಗೆ:

```
=IF(B2>=80,"80+",FLOOR(B2,10)&"-"&FLOOR(B2,10)+9)
```

ಕಾಡಿದ ಎರಡನೇ ಖಾನೆ ತಾರೀಖು. ಡಾಕ್ಟರು ಯಾವತ್ತು ಬನ್ನಿ ಅಂದಿದ್ದರು, ಯಾವತ್ತು ಬಂದರು, ಇದೆರಡೂ ಬೇಕೇ ಬೇಕು ಅಂತ ನನ್ನ ಹಟ. ಆದರೆ ತಾರೀಖೂ ಒಂದು ಗುರುತೇ. ಇಂಥ ದಿನ ನಾನೂ ದವಾಖಾನೆಗೆ ಹೋಗಿದ್ದೆ, ಅವರೂ ಬಂದಿದ್ದರು ಅಂತ ನೆನಪಿರುವವರು ಇರುತ್ತಾರೆ. ಯೋಚಿಸಿದರೆ ನನಗೆ ಬೇಕಾಗಿದ್ದದ್ದು ತಾರೀಖು ಅಲ್ಲ. ಕೊಟ್ಟ ದಿನ ಸೋಮವಾರವೋ ಶನಿವಾರವೋ ಅನ್ನುವ ವಾರ, ಯಾವ ತಿಂಗಳು, ಎಷ್ಟು ದಿನ ತಡ. ಇಷ್ಟನ್ನು ಅವರೇ ಲೆಕ್ಕ ಮಾಡಿ ಕೊಟ್ಟರೆ ನಿಜವಾದ ತಾರೀಖು ನನ್ನ ಕಣ್ಣಿಗೆ ಬೀಳುವುದೇ ಬೇಡ.

ಇನ್ನೊಂದು ವಿಷಯದಲ್ಲಿ ನಾನು ಜಾಣತನ ತೋರಿಸಲು ಹೋಗಿ ಸಿಕ್ಕಿಬಿದ್ದೆ. ಒಬ್ಬರೇ ಆರು ಸಲ ತಪ್ಪಿಸಿದ್ದು ಬೇರೆ, ಆರು ಮಂದಿ ಒಂದೊಂದು ಸಲ ತಪ್ಪಿಸಿದ್ದು ಬೇರೆ. ಅದನ್ನು ಬೇರೆ ಮಾಡಿ ನೋಡಲು ಪ್ರತಿ ರೋಗಿಗೆ ಏನಾದರೂ ಒಂದು ಸಂಖ್ಯೆ ಬೇಕಿತ್ತು. ಆಸ್ಪತ್ರೆಯ ರೋಗಿ ಸಂಖ್ಯೆಯನ್ನು SHA-256 ಅನ್ನುವ ಸೂತ್ರ ಹಾಕಿ, ಗುರುತು ಸಿಗದ ಉದ್ದದ ಅಕ್ಷರಸಾಲು ಮಾಡಿ ಕೊಡಿ, ಯಾರಿಗೂ ಅದನ್ನು ತಿರುಗಿಸಲು ಆಗುವುದಿಲ್ಲ ಅಂತ ಕರಡಿನಲ್ಲಿ ಬರೆದಿದ್ದೆ. ಐಟಿಯ ಮೇಡಂ ಓದಿ ನಕ್ಕರು. "ನಮ್ಮ ಸಂಖ್ಯೆ ಆರೇ ಅಂಕಿ ಅದಾವಲ್ರಿ," ಅಂದರು. ಆರು ಅಂಕಿ ಅಂದರೆ ಇರಬಹುದಾದ ಸಂಖ್ಯೆಗಳೇ ಒಟ್ಟು ಹತ್ತು ಲಕ್ಷ. ಆ ಹತ್ತು ಲಕ್ಷಕ್ಕೂ ಮೊದಲೇ ಅದೇ ಸೂತ್ರ ಹಾಕಿ ಇಟ್ಟುಕೊಂಡು ಹೋಲಿಸಿದರೆ ಮುಗಿಯಿತು. ಸಾಧಾರಣ ಲ್ಯಾಪ್‌ಟಾಪಿಗೆ ಅದು ಕೆಲವೇ ಸೆಕೆಂಡಿನ ಕೆಲಸ. ತಿರುಗಿಸುವುದೇ ಬೇಕಾಗಿಲ್ಲ. ಅದರ ಬದಲು ಎಂಆರ್‌ಡಿಯವರೇ ಪ್ರತಿ ರೋಗಿಗೆ ಮನಸ್ಸಿಗೆ ಬಂದ ಒಂದು ಸಂಖ್ಯೆ ಹಂಚಿ, ಯಾವುದಕ್ಕೆ ಯಾವುದು ಅನ್ನುವ ಪಟ್ಟಿಯನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ ಅಂದರು. ಅದನ್ನೇ ಬರೆದೆ. ಸಂಖ್ಯೆ ಹಂಚುವಾಗ ಸಾಲುಗಳನ್ನು ಕಲೆಸಬೇಕು, ಇಲ್ಲದಿದ್ದರೆ ನೋಂದಣಿಯ ಕ್ರಮದಲ್ಲೇ 1, 2, 3 ಬಂದು ಮತ್ತೆ ಸುಳಿವು ಉಳಿಯುತ್ತದೆ.

ಇಷ್ಟಾದ ಮೇಲೆ ಮೇಲ್ ಬರೆದೆ. ನಮ್ಮಲ್ಲಿ ಮೇಲ್‌ಗಳು ಇಂಗ್ಲಿಷ್ ಕನ್ನಡ ಬೆರೆತೇ ಓಡಾಡುತ್ತವೆ. ಇಲ್ಲಿ ಪೂರ್ತಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ವಿಷಯ: ಶನಿವಾರದ ಫಾಲೋಅಪ್ ಒಪಿಡಿ ತೀರ್ಮಾನಕ್ಕೆ ಹೆಸರಿಲ್ಲದ ಭೇಟಿ ವಿವರ ಬೇಕು (7 ಖಾನೆ, 1 ವರ್ಷ), ಜೂನ್ 20ರ ಒಳಗೆ

ನಮಸ್ಕಾರ ಸರ್,

ಮೊನ್ನೆ ನೀವು ಸಮಯ ಕೊಟ್ಟು ಮಾತಾಡಿದ್ದಕ್ಕೆ ಧನ್ಯವಾದ. ಮೇ ತಿಂಗಳಲ್ಲಿ ನಾನು ಕಳಿಸಿದ ಮೇಲ್ ರದ್ದು ಅಂತ ತಿಳಿಯಿರಿ. ಅದರ ಬದಲು ಈ ಕೋರಿಕೆ.

ಯಾಕೆ ಬೇಕು: ಸೆಪ್ಟೆಂಬರ್‌ನಿಂದ ಶನಿವಾರ ಮಧ್ಯಾಹ್ನ ಶುಗರ್, ಬಿಪಿ ಫಾಲೋಅಪ್ ಒಪಿಡಿ ಸುರು ಮಾಡಬೇಕೋ ಬೇಡವೋ ಅನ್ನುವುದನ್ನು ಜುಲೈ 4ರ ಸಭೆಯಲ್ಲಿ ಡಾಕ್ಟರುಗಳು ತೀರ್ಮಾನ ಮಾಡಬೇಕು. ಯಾವ ವಾರ ಕೊಟ್ಟ ಚೀಟಿಗೆ ಜನ ಜಾಸ್ತಿ ತಪ್ಪಿಸುತ್ತಾರೆ, ದೂರದ ತಾಲೂಕಿನವರಲ್ಲಿ ಅದು ಬೇರೆ ಥರ ಇದೆಯೇ ಅಂತ ನೋಡುತ್ತೇನೆ. ಬೇರೆ ಯಾವ ಕೆಲಸಕ್ಕೂ ಇದನ್ನು ಬಳಸುವುದಿಲ್ಲ. ರೋಗಿಗಳನ್ನು ಸಂಪರ್ಕಿಸುವುದಿಲ್ಲ. ಯಾವ ಡಾಕ್ಟರಿಗೆ ಎಷ್ಟು ಜನ ಬಂದರು ಅನ್ನುವ ಹೋಲಿಕೆಯನ್ನೂ ಮಾಡುವುದಿಲ್ಲ.

ಎಷ್ಟು ಬೇಕು: 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ಫಾಲೋಅಪ್ ಚೀಟಿ ಪಡೆದ ಭೇಟಿಗಳು. 18 ವರ್ಷಕ್ಕಿಂತ ಕಡಿಮೆ ವಯಸ್ಸಿನವರು ಬೇಡ. ಬೇಕಾದ ಖಾನೆ ಇವಿಷ್ಟೇ: ನೀವೇ ಹಂಚಿದ ಬದಲಿ ಸಂಖ್ಯೆ, ಹತ್ತು ವರ್ಷದ ವಯಸ್ಸಿನ ಗುಂಪು, ತಾಲೂಕು, ಚೀಟಿಯಲ್ಲಿ ಕೊಟ್ಟ ದಿನದ ವಾರ, ಅದರ ತಿಂಗಳು, ಬಂದರೋ ಇಲ್ಲವೋ, ಬಂದಿದ್ದರೆ ಎಷ್ಟು ದಿನ ತಡ. ಹೆಸರು, ಫೋನ್, ಊರು, ರೋಗಿ ಸಂಖ್ಯೆ, ತಾರೀಖು, ಟೆಸ್ಟ್, ಔಷಧ, ಬಿಲ್ ಯಾವುದೂ ಬೇಡ. ಬದಲಿ ಸಂಖ್ಯೆಯ ಪಟ್ಟಿ ನಿಮ್ಮಲ್ಲೇ ಇರಲಿ. ತಾಲೂಕು ಕೊಡುವುದು ಕಷ್ಟವಾದರೆ ಜಿಲ್ಲೆ ಕೊಟ್ಟರೂ ಕೆಲಸ ನಡೆಯುತ್ತದೆ. ವಾರ ಮಾತ್ರ ಇಲ್ಲದೆ ಆಗುವುದಿಲ್ಲ.

ಹೇಗೆ ಕಾಯುತ್ತೇನೆ: ಫೈಲನ್ನು ಮೇಲ್‌ನಲ್ಲಿ ಕಳಿಸಬೇಡಿ. ಐಟಿಯವರು ಸರ್ವರ್‌ನಲ್ಲಿ ಒಂದು ಫೋಲ್ಡರ್ ಮಾಡಿ ಕೊಡಲು ಒಪ್ಪಿದ್ದಾರೆ. ಅದನ್ನು ತೆರೆಯುವ ಅನುಮತಿ ನನಗೆ ಮತ್ತು ನಮ್ಮ ವಿಭಾಗದ ಮುಖ್ಯಸ್ಥರಿಗೆ, ಇಬ್ಬರಿಗೆ ಮಾತ್ರ, ಹೆಸರಿನ ಮೇಲೆ. ಲ್ಯಾಪ್‌ಟಾಪ್, ಪೆನ್‌ಡ್ರೈವ್, ವಾಟ್ಸಾಪ್‌ಗೆ ನಕಲು ಮಾಡುವುದಿಲ್ಲ. ಸಭೆಗೆ ಹೋಗುವುದು ಒಟ್ಟು ಲೆಕ್ಕದ ಕೋಷ್ಟಕ ಮಾತ್ರ, ಅದರಲ್ಲಿ 10ಕ್ಕಿಂತ ಕಡಿಮೆ ಮಂದಿ ಇರುವ ಚೌಕದ ಮನೆಯಲ್ಲಿ ಅಂಕಿ ಬರೆಯುವುದಿಲ್ಲ. ಆ ಕೋಷ್ಟಕವನ್ನು ಸಭೆಗೆ ಮೊದಲು ನಿಮಗೆ ತೋರಿಸುತ್ತೇನೆ. ಆಗಸ್ಟ್ 31ಕ್ಕೆ ಫೋಲ್ಡರ್ ಅಳಿಸಿ, ಅಳಿಸಿದೆವು ಅಂತ ನಿಮಗೆ ಬರೆದು ಕಳಿಸುತ್ತೇನೆ. ನಡುವೆ ನಾನು ಕೆಲಸ ಬಿಟ್ಟರೆ ಈ ಹೊಣೆ ನಮ್ಮ ಮುಖ್ಯಸ್ಥರದು. ಅವರಿಗೂ ಈ ಮೇಲ್ ಪ್ರತಿ ಹೋಗಿದೆ.

ಜೂನ್ 20 ಯಾಕೆ ಅಂದರೆ ಸಭೆಗೆ ಮುನ್ನ ಲೆಕ್ಕಕ್ಕೆ ಎರಡು ವಾರ ಬೇಕು. ಅಷ್ಟರೊಳಗೆ ಆಗದಿದ್ದರೆ ತಿಳಿಸಿ, ಸಭೆ ಮುಂದೂಡಲು ಕೇಳುತ್ತೇನೆ. ಇದರಲ್ಲಿ ಯಾವುದಾದರೂ ಕೊಡಲು ಬರುವುದಿಲ್ಲ ಅನ್ನಿಸಿದರೆ ಫೋನ್ ಮಾಡಿ, ನಾನೇ ಕೆಳಗೆ ಬರುತ್ತೇನೆ.

ಮೇಲ್ ಇಷ್ಟೇ. ಡಾಕ್ಟರುಗಳನ್ನು ಹೋಲಿಸುವುದಿಲ್ಲ ಅನ್ನುವ ಸಾಲು ಮೊದಲ ಕರಡಿನಲ್ಲಿ ಇರಲಿಲ್ಲ. ಅದನ್ನು ಸೇರಿಸಿ ಅಂದವರು ನಮ್ಮ ಮುಖ್ಯಸ್ಥರು. ರೋಗಿಯ ಗುಟ್ಟಿಗೆ ಹೆದರುವವರು ಒಬ್ಬರಾದರೆ, ತಮ್ಮ ಕೆಲಸವನ್ನು ಇದರಲ್ಲಿ ಅಳೆಯುತ್ತಾರೆ ಅಂತ ಹೆದರುವವರು ಹತ್ತು ಮಂದಿ ಇರುತ್ತಾರೆ ಅಂತ ಅವರ ಮಾತು. ಏನು ಮಾಡುವುದಿಲ್ಲ ಅಂತ ಬರೆದದ್ದು ಏನು ಮಾಡುತ್ತೇನೆ ಅಂತ ಬರೆದದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು ಅಂತ ನನಗೆ ಆಮೇಲೆ ಗೊತ್ತಾಯಿತು.

ಮರುದಿನವೇ ಉತ್ತರ ಬಂತು. ಎರಡು ಬದಲಾವಣೆ ಕೇಳಿದ್ದರು. ಆ ವರ್ಷದಲ್ಲಿ ತೀರಿಕೊಂಡವರ ಸಾಲುಗಳನ್ನು ತೆಗೆದು ಕೊಡುತ್ತೇವೆ ಅಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ತೀರಿಕೊಂಡವರು ನನ್ನ ಲೆಕ್ಕದಲ್ಲಿ "ಬರಲಿಲ್ಲ" ಅಂತ ಕೂರುತ್ತಿದ್ದರು. ಹಾಗೆ ತೆಗೆದರೂ ನಮ್ಮ ಆಸ್ಪತ್ರೆಗೆ ಗೊತ್ತಾದ ಸಾವುಗಳಷ್ಟೇ ಹೋಗುತ್ತವೆ. ಮನೆಯಲ್ಲಿ ತೀರಿಕೊಂಡವರು, ಬೇರೆ ದವಾಖಾನೆಗೆ ಹೋಗಲು ಸುರು ಮಾಡಿದವರು ಒಳಗೇ ಉಳಿಯುತ್ತಾರೆ. ಈ ಮಿತಿಯನ್ನು ಕೋಷ್ಟಕದ ಕೆಳಗೆ ಬರೆಯಬೇಕಾಯಿತು. ಎರಡನೆಯದು ಫೈಲಿನ ಹೆಸರು. ನಾನು ಅದರಲ್ಲಿ ಶುಗರ್ ಅಂತ ಹಾಕಲು ಹೇಳಿದ್ದೆ. ಅವರು ಬರೀ `followup_2024_25.xlsx` ಅಂತ ಇಟ್ಟರು. ಯಾಕೆ ಅಂತ ಕೇಳಿದೆ. ಈ ಫೈಲಿನಲ್ಲಿ ಒಬ್ಬರು ಇದ್ದಾರೆ ಅಂದ ಕೂಡಲೇ ಅವರ ಕಾಯಿಲೆ ಯಾವುದು ಅಂತ ಹೆಸರೇ ಹೇಳಿಬಿಡುತ್ತದೆ, ಖಾನೆಯಲ್ಲಿ ಕಾಯಿಲೆ ಬಿಟ್ಟು ಏನು ಉಪಯೋಗ ಅಂದರು. ನಾನು ತಲೆದೂಗಿದೆ.

ನಾಲ್ಕನೇ ದಿನ ಫೋಲ್ಡರ್‌ನಲ್ಲಿ ಫೈಲ್ ಬಂದು ಕೂತಿತ್ತು.

ಬರೆದದ್ದನ್ನು ಪಾಲಿಸುವುದು ಬೇರೆಯೇ ಪರೀಕ್ಷೆ, ಅದರಲ್ಲಿ ನಾನು ಒಂದು ಸಲ ಫೇಲಾಗುವುದರಲ್ಲಿದ್ದೆ. ಜುಲೈ 2ರಂದು ಸಭೆಯ ಕೋಷ್ಟಕ ಸಿದ್ಧ ಮಾಡಿದೆ. ಎಕ್ಸೆಲ್‌ನ ಪಿವಟ್ ಟೇಬಲ್, ಅಂದರೆ ಸಾಲುಗಳನ್ನು ತಾನೇ ಎಣಿಸಿ ಒಟ್ಟು ಲೆಕ್ಕ ತೋರಿಸುವ ಕೋಷ್ಟಕ. ತಾಲೂಕು ಒಂದು ಕಡೆ, ವಾರ ಇನ್ನೊಂದು ಕಡೆ. ಮೂಲ ಡೇಟಾ ಇದ್ದ ಶೀಟನ್ನು ಅಳಿಸಿದೆ, ಪಿವಟ್ ಶೀಟ್ ಮಾತ್ರ ಉಳಿಸಿ ಎಂಆರ್‌ಡಿ ಸರ್‌ಗೆ ತೋರಿಸಲು ಕಳಿಸಿದೆ. ಅರ್ಧ ತಾಸಿಗೆ ಫೋನ್. "ಇಲ್ಲಿ ಹಾನಗಲ್ ಮುಂದ 14 ಅಂತ ಐತಲ್ರಿ, ಅದರ ಮ್ಯಾಲ ಎರಡ್ ಸಲ ಒತ್ತಿ ನೋಡ್ರಿ."

ಒತ್ತಿದೆ. ಹೊಸ ಶೀಟ್ ತೆರೆದುಕೊಂಡಿತು. ಹದಿನಾಲ್ಕೂ ಸಾಲು, ಏಳೂ ಖಾನೆ, ಬದಲಿ ಸಂಖ್ಯೆ ಸಮೇತ ನನ್ನ ಕಣ್ಣ ಮುಂದೆ. ಶೀಟ್ ಅಳಿಸಿದರೂ ಪಿವಟ್ ತನ್ನ ಹೊಟ್ಟೆಯಲ್ಲಿ ಮೂಲ ಡೇಟಾದ ಒಂದು ನಕಲು ಇಟ್ಟುಕೊಂಡಿರುತ್ತದೆ. ಅದು ಫೈಲಿನ ಜೊತೆಗೇ ಹೋಗುತ್ತದೆ. ಅವರಿಗೆ ಮೊದಲು ತೋರಿಸುತ್ತೇನೆ ಅಂತ ಬರೆದಿದ್ದ ಒಂದೇ ಸಾಲು ಅವತ್ತು ನನ್ನ ಮಾನ ಉಳಿಸಿತು. ಇಲ್ಲದಿದ್ದರೆ ಅದು ನೇರ ಹನ್ನೆರಡು ಡಾಕ್ಟರುಗಳ ಮೇಲ್‌ಗೆ ಹೋಗುತ್ತಿತ್ತು, ಅಲ್ಲಿಂದ ಅವರವರ ಫೋನಿಗೆ.

ಅವತ್ತಿನಿಂದ ಕೋಷ್ಟಕವನ್ನು ಹೊಸ ಖಾಲಿ ಫೈಲಿಗೆ ಬರೀ ಅಂಕಿಗಳಾಗಿ ಅಂಟಿಸುತ್ತೇನೆ. ಅಂಟಿಸುವಾಗ `Paste Values` ಆರಿಸಬೇಕು. ಆಮೇಲೆ ಯಾವುದಾದರೂ ಅಂಕಿಯ ಮೇಲೆ ಎರಡು ಸಲ ಒತ್ತಿ, ಏನೂ ತೆರೆದುಕೊಳ್ಳುವುದಿಲ್ಲ ಅಂತ ನೋಡಿಕೊಂಡೇ ಕಳಿಸುವುದು. ಇದರ ಜೊತೆಗೆ ಇನ್ನೊಂದು ತಪ್ಪು ತಿಳುವಳಿಕೆಯೂ ಹೋಯಿತು. `Protect Sheet` ಒತ್ತಿ ಪಾಸ್‌ವರ್ಡ್ ಕೊಟ್ಟರೆ ಫೈಲ್ ಭದ್ರ ಅಂದುಕೊಂಡಿದ್ದೆ. ಅದು ಯಾರೂ ತಿದ್ದಬಾರದು ಅಂತ ಹಾಕುವ ಬೇಲಿ ಅಷ್ಟೇ, ಓದುವುದನ್ನು ತಡೆಯುವುದಿಲ್ಲ. ಫೈಲನ್ನು ನಿಜವಾಗಿ ಬೀಗ ಹಾಕುವುದು `Encrypt with Password`.

ಸಣ್ಣ ಅಂಕಿಗಳನ್ನು ಮುಚ್ಚುವುದರಲ್ಲೂ ಒಂದು ಗಂಟು ಇತ್ತು. ಸವಣೂರಿನ ಮುಂದೆ ಬುಧವಾರದ ಮನೆಯಲ್ಲಿ 6 ಇತ್ತು, ಅದನ್ನು ಅಳಿಸಿ ಅಡ್ಡಗೆರೆ ಹಾಕಿದೆ. ಆದರೆ ಸವಣೂರಿನ ಒಟ್ಟು ಮೊತ್ತ ಪಕ್ಕದಲ್ಲೇ ಇತ್ತು. ಉಳಿದ ವಾರಗಳನ್ನು ಕೂಡಿ ಒಟ್ಟಿನಲ್ಲಿ ಕಳೆದರೆ 6 ಅಂತ ಯಾರಾದರೂ ಹೇಳಬಹುದು. ಹಾಗಾಗಿ ಒಂದು ಮನೆ ಮುಚ್ಚಿದರೆ ಅದೇ ಸಾಲಿನಲ್ಲಿ ಇನ್ನೊಂದನ್ನೂ ಮುಚ್ಚಬೇಕು. ಕೆಳಗಿನ ಮೊತ್ತ ಇದ್ದರೆ ಅದೇ ಥರ ಮೇಲಿನಿಂದ ಕೆಳಕ್ಕೂ ನೋಡಬೇಕು. ನಾನು ಸುಲಭದ ದಾರಿ ಹಿಡಿದೆ. ಹಾವೇರಿ ಜಿಲ್ಲೆಯ ತಾಲೂಕುಗಳನ್ನೆಲ್ಲ ಒಂದೇ ಸಾಲು ಮಾಡಿದೆ. ಶನಿವಾರದ ಪ್ರಶ್ನೆಗೆ ಅದರಿಂದ ಏನೂ ನಷ್ಟ ಆಗಲಿಲ್ಲ.

ಸಭೆ ನಡೆಯಿತು. ಸೋಮವಾರ, ಮಂಗಳವಾರ ಅಂತ ವಾರದ ದಿನಗಳ ನಡುವೆ ಅಂಥ ವ್ಯತ್ಯಾಸ ಏನೂ ಇರಲಿಲ್ಲ. ತಿಂಗಳಿಂದ ತಿಂಗಳಿಗೆ ಇತ್ತು. ನವಲಗುಂದ, ಕುಂದಗೋಳ, ರೋಣ, ಆ ಕಡೆಯವರು ಮುಂಗಾರಿನ ಬಿತ್ತನೆಯ ಜೂನ್‌ನಲ್ಲಿ, ಹಿಂಗಾರಿಯ ಅಕ್ಟೋಬರ್‌ನಲ್ಲಿ ಜಾಸ್ತಿ ತಪ್ಪಿಸಿದ್ದರು. ಎರಿ ಹೊಲದಲ್ಲಿ ಹಸಿ ಆರುವ ಮುಂಚೆ ಬಿತ್ತಬೇಕು, ಆಗ ಶನಿವಾರವೂ ಒಂದೇ, ಸೋಮವಾರವೂ ಒಂದೇ. ಶನಿವಾರದ ಒಪಿಡಿ ಬೇಡ ಅಂತ ತೀರ್ಮಾನ ಆಯಿತು.

ಅಲ್ಲೇ ಒಬ್ಬ ಡಾಕ್ಟರು, "ಹಂಗಾದ್ರ ತಪ್ಪಿಸಿದವರಿಗೆ ಫೋನ್ ಮಾಡಿ ಕೇಳೂಣಲ್ಲ, ಐವತ್ತು ಮಂದಿ ಸಾಕು," ಅಂದರು. ಒಳ್ಳೆಯ ಮಾತು. ಬದಲಿ ಸಂಖ್ಯೆ ನನ್ನ ಹತ್ತಿರ ಇತ್ತು, ಅದರ ಪಟ್ಟಿ ಕೆಳಗೆ ನೆಲಮಾಳಿಗೆಯಲ್ಲಿ ಇತ್ತು. ಐವತ್ತು ಸಂಖ್ಯೆ ಕಳಿಸಿದರೆ ಐವತ್ತು ಫೋನ್ ನಂಬರ್ ಬರಬಹುದಿತ್ತು. ಆದರೆ ರೋಗಿಗಳನ್ನು ಸಂಪರ್ಕಿಸುವುದಿಲ್ಲ ಅಂತ ನಾನೇ ಬರೆದು ಕೊಟ್ಟಿದ್ದೆ. ಅದೇ ಮೇಲ್‌ಗೆ ಉತ್ತರ ಒತ್ತಿ "ಸರ್, ಜೊತೆಗೆ ಫೋನ್ ನಂಬರ್ ಸಹ" ಅಂತ ಬರೆಯಲು ಕೈ ಬರಲಿಲ್ಲ.

ಹೊಸ ವಿಷಯದ ಸಾಲು ಹಾಕಿ ಹೊಸ ಮೇಲ್ ಬರೆದೆ. ಬಿತ್ತನೆಯ ತಿಂಗಳಲ್ಲಿ ಎರಡು ತಿಂಗಳ ಮಾತ್ರೆ ಒಟ್ಟಿಗೆ ಬರೆದು ಕೊಡಬಹುದೇ ಅನ್ನುವುದು ಉದ್ದೇಶ. ಐವತ್ತು ಮಂದಿಯನ್ನು ಎಂಆರ್‌ಡಿಯವರೇ ಚೀಟಿ ಎತ್ತಿ ಆರಿಸಲಿ, ಪಟ್ಟಿ ನನ್ನ ಹತ್ತಿರ ಬರುವುದು ಬೇಡ, ನೇರವಾಗಿ ಆ ಒಪಿಡಿಯ ಸಿಸ್ಟರ್‌ಗೆ ಹೋಗಲಿ ಅಂದೆ. ಅವರು ಆ ರೋಗಿಗಳನ್ನು ಈಗಾಗಲೇ ಬಲ್ಲವರು. ಫೋನ್ ಎತ್ತಿದವರು ರೋಗಿಯೇ ಅಂತ ಖಾತ್ರಿ ಆಗುವ ತನಕ ಕಾಯಿಲೆಯ ಹೆಸರು ಎತ್ತಬಾರದು ಅಂತ ಕೇಳುವ ಪ್ರಶ್ನೆಗಳ ಹಾಳೆಯ ಮೇಲೆಯೇ ಬರೆದೆ. ಅತ್ತೆ ಮನೆಯ ಆ ಹುಡುಗಿ ನೆನಪಿದ್ದಳು. ನನಗೆ ಬರಬೇಕಾದದ್ದು ಐವತ್ತು ಉತ್ತರ, ಹೆಸರಿಲ್ಲದೆ.

ಅದಕ್ಕೆ ಒಪ್ಪಿಗೆ ಬರಲು ಹನ್ನೊಂದು ದಿನ ಹಿಡಿಯಿತು. ಮೊದಲಿನ ನಾಲ್ಕು ದಿನದ ಅಭ್ಯಾಸಕ್ಕೆ ಇದು ತಡ ಅನ್ನಿಸಿತು. ಆದರೆ ಈ ಸಲ ಫೋನ್ ನಂಬರ್ ಇತ್ತು, ಹಾಗಾಗಿ ಮೇಲಿನವರೂ ಕೂತು ಓದಿದ್ದಾರೆ. ನಾನು ನೆನಪಿಸುವ ಮೇಲ್ ಹಾಕಲಿಲ್ಲ.

ಆಗಸ್ಟ್ 29, ಶುಕ್ರವಾರ. 31 ಭಾನುವಾರ ಬರುತ್ತಿದ್ದರಿಂದ ಎರಡು ದಿನ ಮೊದಲೇ ಐಟಿ ಮೇಡಂ ಜೊತೆ ಕೂತು ಫೋಲ್ಡರ್ ಅಳಿಸಿದೆ. "ಡೌನ್‌ಲೋಡ್ಸ್‌ನ್ಯಾಗ ನೋಡ್ರಿ," ಅಂದರು. ನಾನೆಲ್ಲಿ ಇಳಿಸಿಕೊಂಡಿದ್ದೇನೆ ಅಂದೆ. ನೋಡಿದರೆ ಜುಲೈ 2ರ ಆ ಪಿವಟ್ ಫೈಲ್ ಅಲ್ಲೇ ಮಲಗಿತ್ತು. ಸರ್ ಫೋನ್ ಮಾಡಿದಾಗ ಗಾಬರಿಯಲ್ಲಿ ನಾನು ಕಳಿಸಿದ್ದ ಮೇಲ್‌ನಿಂದಲೇ ಅದನ್ನು ತೆರೆದಿದ್ದೆ. ಅದನ್ನು ಅಳಿಸಿ, ಕಸದ ಬುಟ್ಟಿ ಖಾಲಿ ಮಾಡಿ, ಕಳಿಸಿದ ಮೇಲ್‌ಗಳ ಪೆಟ್ಟಿಗೆಯಿಂದಲೂ ತೆಗೆದೆ. ಸರ್‌ಗೂ ಅವರ ಪ್ರತಿ ಅಳಿಸಲು ಹೇಳಿದೆ. ಬ್ಯಾಕಪ್ ಪ್ರತಿಗಳು ಮಾತ್ರ ಐಟಿಯವರ ಪಾಳಿಯ ಪ್ರಕಾರ ತಾವಾಗಿಯೇ ಅಳಿಯುವ ತನಕ ಇರುತ್ತವೆ, ಅದನ್ನು ನಾನು ಕೈಯಾರೆ ತೆಗೆಯಲು ಬರುವುದಿಲ್ಲ. ಕೋರಿಕೆಯ ಮೇಲ್‌ನಲ್ಲಿ ಇದನ್ನು ಬರೆದಿರಲಿಲ್ಲ. ಅಳಿಸಿದೆವು ಅಂತ ತಿಳಿಸುವ ಮೇಲ್‌ನಲ್ಲಿ ಇಷ್ಟನ್ನೂ ಇದ್ದ ಹಾಗೆ ಬರೆದು ಕಳಿಸಿದೆ, ಡೌನ್‌ಲೋಡ್ಸ್‌ನ ಕಥೆಯನ್ನೂ ಸೇರಿಸಿ.

ಸರ್ ಒಂದೇ ಸಾಲಿನ ಉತ್ತರ ಕಳಿಸಿದರು: "ಮುಟ್ಟಿತು. ಬದಲಿ ಸಂಖ್ಯೆಯ ಪಟ್ಟಿ ನಾವೂ ಅಳಿಸಿದ್ದೇವೆ."